ನೆಂಟರು ಹೋದ ಮೇಲೆ ಟಿವಿ ಸರಿಮಾಡುವುದು: ನೋಡಿದ್ದರ ಪಟ್ಟಿ ಅಳಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬಂದರೂ ಮಲೆನಾಡಿನ ಮನೆಗಳಿಗೆ ನೆಂಟರು ಬರುವುದು ವರ್ಷವಿಡೀ ಇದ್ದದ್ದೇ. ಉಪನಯನ, ಗೃಹಪ್ರವೇಶ, ದೀಪಾವಳಿ, ಇಲ್ಲವೇ ಮಳೆ ನೋಡಲೆಂದೇ ಆಗುಂಬೆ ಕಡೆ ಹೊರಟವರು. ಹೊರಗೆ ಮಳೆ ಹಿಡಿದರೆ ಎಲ್ಲರೂ ಟಿವಿ ಮುಂದೆ. ಅವರು ಬಸ್ಸು ಹತ್ತಿದ ಮೇಲೆ ಮನೆಯವರು ನೆಟ್‌ಫ್ಲಿಕ್ಸ್ ತೆರೆದರೆ ತೆರೆಯ ತುಂಬ ಯಾರದೋ ರುಚಿಯ ಸಿನಿಮಾಗಳು. ಇಲ್ಲಿನ ಪ್ರಶ್ನೆಗಳು ಮುಖ್ಯವಾಗಿ ನೆಟ್‌ಫ್ಲಿಕ್ಸ್ ಕುರಿತವು. ಟಿವಿಯಲ್ಲಿ ಅಷ್ಟೇ ಓಡುವ ಯೂಟ್ಯೂಬ್ ಬಗ್ಗೆ ಕೊನೆಯ ಕಡೆ ಇದೆ.

ನಾಲ್ಕೇ ದಿನ ನೋಡಿದ್ದು. ವರ್ಷಗಟ್ಟಲೆ ನಾವು ನೋಡಿದ್ದೆಲ್ಲ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಹಿಂದೆ ಸರಿದಿದೆ. ಹಳೆಯದಕ್ಕಿಂತ ಇತ್ತೀಚೆಗೆ ನೋಡಿದ್ದಕ್ಕೆ ನೆಟ್‌ಫ್ಲಿಕ್ಸ್ ಹೆಚ್ಚು ತೂಕ ಕೊಡುತ್ತದೆ. ಯಾವ ಹೊತ್ತಿನಲ್ಲಿ ನೋಡಿದಿರಿ, ಯಾವ ಭಾಷೆಯಲ್ಲಿ, ಯಾವ ಸಾಧನದಲ್ಲಿ, ಎಷ್ಟು ಹೊತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ರಾತ್ರಿ ಎಂಟರ ನಂತರ ನೀವು ಒಂದು ಸಿನಿಮಾ ನೋಡುವ ಟಿವಿಯಲ್ಲಿ ನೆಂಟರ ಮಕ್ಕಳು ಬೆಳಿಗ್ಗೆಯಿಂದ ಕಾರ್ಟೂನ್ ಹಾಕಿದರೆ, ನಾಲ್ಕು ದಿನದ ಆ ರಾಶಿ ನಿಮ್ಮ ಒಂದು ತಿಂಗಳ ನೋಟವನ್ನು ಸುಲಭವಾಗಿ ಮುಚ್ಚಿಬಿಡುತ್ತದೆ.

ಇದೇ ಕಾರಣಕ್ಕೆ ತಡಮಾಡದೆ ಸರಿಮಾಡುವುದು ಒಳ್ಳೆಯದು. ತಾಜಾ ಇರುವಾಗಲೇ ತೆಗೆದರೆ ಪಟ್ಟಿಯ ಮೇಲ್ಭಾಗದಲ್ಲಿ ಒಟ್ಟಿಗೇ ಸಿಗುತ್ತವೆ. ಒಂದು ತಿಂಗಳು ಬಿಟ್ಟರೆ ನಿಮ್ಮದರ ನಡುವೆ ಕಲೆತುಹೋಗಿ ಹೆಕ್ಕುವುದೇ ದೊಡ್ಡ ಕೆಲಸ.

ಎಲ್ಲವನ್ನೂ ಮೊದಲಿನಂತೆ ಮಾಡುವ ಒಂದು ಬಟನ್ ಇದೆಯೇ?

ಇಲ್ಲ. ಶಿಫಾರಸುಗಳನ್ನು ನೆಂಟರು ಬರುವ ಹಿಂದಿನ ದಿನಕ್ಕೆ ಮರಳಿಸುವ ಬಟನ್ ನೆಟ್‌ಫ್ಲಿಕ್ಸ್‌ನಲ್ಲಿಲ್ಲ. ಇರುವುದು ಎರಡು ದಾರಿ. ನೆಂಟರು ನೋಡಿದ್ದನ್ನು ಒಂದೊಂದಾಗಿ ಮರೆಮಾಡುವುದು ಒಂದು. ಆ ಪ್ರೊಫೈಲನ್ನೇ ಬಿಟ್ಟು ಹೊಸದನ್ನು ತೆರೆಯುವುದು ಇನ್ನೊಂದು. ಮೊದಲನೆಯದೇ ಮೇಲು. ಎರಡನೆಯದು ಯಾವಾಗ ಬೇಕಾಗುತ್ತದೆ ಎಂಬುದು ಮುಂದೆ ಬರುತ್ತದೆ.

ಟಿವಿಯ ರಿಮೋಟ್ ಹಿಡಿದು ಹುಡುಕಿದರೆ ಈ ಆಯ್ಕೆ ಸಿಗುತ್ತಲೇ ಇಲ್ಲವಲ್ಲ?

ಸಿಗುವುದಿಲ್ಲ, ಟಿವಿ ಆ್ಯಪ್‌ನಲ್ಲಿ ಅದು ಇಲ್ಲ. ಬ್ರೌಸರ್ ಬೇಕು. ಕಂಪ್ಯೂಟರ್ ಇಲ್ಲದಿದ್ದರೆ ಮೊಬೈಲಿನ ಕ್ರೋಮ್ ಸಾಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಟಿವಿಯಲ್ಲಿ ಅರ್ಧ ನೋಡಿದ ಸಿನಿಮಾಗಳ ಸಾಲಿನಿಂದ ಒಂದನ್ನು ತೆಗೆಯಲು Remove from Continue Watching ಎಂಬ ಆಯ್ಕೆ ಕಾಣುತ್ತದೆ. ಅದನ್ನು ಒತ್ತಿ, ಆಯಿತು ಎಂದುಕೊಳ್ಳುತ್ತಾರೆ. ಅದು ಆ ಸಾಲಿನಿಂದ ಮಾತ್ರ ಎತ್ತುತ್ತದೆ, ನೋಡಿದ ದಾಖಲೆ ಹಾಗೆಯೇ ಉಳಿಯುತ್ತದೆ. ಅಂಗಳದ ಕಸವನ್ನು ಜಗಲಿಯ ಕೆಳಗೆ ತಳ್ಳಿದ ಹಾಗೆ.

ಸರಿಯಾದ ದಾರಿ ಹೀಗಿದೆ. ಬ್ರೌಸರಿನಲ್ಲಿ ಈ ವಿಳಾಸ ಬರೆದು ನಿಮ್ಮ ಖಾತೆಗೆ ಲಾಗಿನ್ ಆಗಿ:

```
netflix.com/viewingactivity
```

ತೆರೆದುಕೊಳ್ಳುವುದು ಆ ಬ್ರೌಸರಿನಲ್ಲಿ ಆಗ ಆಯ್ಕೆಯಾಗಿರುವ ಪ್ರೊಫೈಲಿನ ಪಟ್ಟಿ. ಟಿವಿಯಲ್ಲಿ ನೆಂಟರು ಬಳಸಿದ್ದು ಯಜಮಾನರ ಪ್ರೊಫೈಲು, ಬ್ರೌಸರಿನಲ್ಲಿ ತೆರೆದಿರುವುದು ಮಗಳದು ಎಂದಾದರೆ ನೆಂಟರು ನೋಡಿದ್ದು ಯಾವುದೂ ಅಲ್ಲಿ ಕಾಣುವುದಿಲ್ಲ. ಆಗ Account ಪುಟದ Profiles ಒಳಗೆ ಬೇಕಾದ ಪ್ರೊಫೈಲನ್ನು ಆರಿಸಿ ಅಲ್ಲಿಂದ Viewing activity ತೆರೆಯಿರಿ.

ಪಟ್ಟಿ ತೆರೆಯಿತು. ಯಾವುದನ್ನು ತೆಗೆಯಬೇಕು, ಹೇಗೆ?

ಪಟ್ಟಿಯಲ್ಲಿ ಪ್ರತಿ ಸಾಲಿಗೂ ದಿನಾಂಕ, ಶೀರ್ಷಿಕೆ, ಬಲಗಡೆ ಅಡ್ಡಗೆರೆ ಎಳೆದ ಒಂದು ಸಣ್ಣ ವೃತ್ತ ಇರುತ್ತದೆ. ಆ ವೃತ್ತವನ್ನು ಒತ್ತಿದರೆ ಆ ಸಾಲು ಮರೆಯಾಗುತ್ತದೆ. ಅದು ಧಾರಾವಾಹಿಯ ಕಂತಾಗಿದ್ದರೆ ಅಲ್ಲಿಯೇ Hide series? ಎಂದು ಕೇಳುತ್ತದೆ. ಅದನ್ನು ಒತ್ತಿದರೆ ಆ ಧಾರಾವಾಹಿಯ ಎಲ್ಲ ಕಂತುಗಳೂ ಒಟ್ಟಿಗೆ ಹೋಗುತ್ತವೆ. ಪಟ್ಟಿ ಒಂದೇ ಸಲ ಪೂರ್ತಿ ಬರುವುದಿಲ್ಲ, ಕೆಳಗಿರುವ Show More ಒತ್ತುತ್ತಾ ಹೋಗಬೇಕು. ನೆಟ್‌ವರ್ಕ್ ಸಿಗಲು ಜಗಲಿಯ ಮೂಲೆಗೇ ಹೋಗಬೇಕಾದ ಮನೆಗಳಲ್ಲಿ ಇದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಜಾತ್ರೆಗೆಂದು ಬಂದವರು ಮಂಗಳವಾರ ಸಂಜೆಯಿಂದ ಶುಕ್ರವಾರ ಮಧ್ಯಾಹ್ನದವರೆಗೆ ಇದ್ದರು ಎನ್ನಿ. ಆ ನಾಲ್ಕು ದಿನಾಂಕಗಳಲ್ಲಿ ಒಟ್ಟು 41 ಸಾಲುಗಳಿವೆ. ಮಕ್ಕಳ ಒಂದೇ ಕಾರ್ಟೂನಿನ 22 ಕಂತು, ಕೊರಿಯನ್ ಧಾರಾವಾಹಿಯ 5, ತಮಿಳು ಸಿನಿಮಾ 3, ಹಿಂದಿಯ ಒಂದು ಪತ್ತೇದಾರಿ ಧಾರಾವಾಹಿಯ 8. ಉಳಿದ 3 ಮನೆಯವರೇ ನೋಡಿದ್ದು.

ಕಾರ್ಟೂನು ಮತ್ತು ಕೊರಿಯನ್ ಮನೆಯವರು ಎಂದೂ ನೋಡದವು, ಹಾಗಾಗಿ ಒಂದೊಂದಕ್ಕೆ ಒಂದು ಸಲ Hide series ಸಾಕು. 27 ಸಾಲು ಎರಡೇ ಕೆಲಸದಲ್ಲಿ ಮುಗಿಯಿತು. ತಮಿಳು ಸಿನಿಮಾಗಳಿಗೆ ಮೂರು ವೃತ್ತ. ಜಾಗ್ರತೆ ಬೇಕಾದದ್ದು ಹಿಂದಿ ಧಾರಾವಾಹಿಗೆ. ಮನೆಯವರು ಅದರ ಮೊದಲ ನಾಲ್ಕು ಕಂತು ಹಿಂದಿನ ತಿಂಗಳು ನೋಡಿದ್ದರು, ನೆಂಟರು ಐದರಿಂದ ಹನ್ನೆರಡರವರೆಗೆ ಮುಂದುವರಿಸಿದರು. ಇಲ್ಲಿ Hide series ಒತ್ತಿದರೆ ಮನೆಯವರ ನಾಲ್ಕೂ ಹೋಗುತ್ತವೆ. ಆದ್ದರಿಂದ ಎಂಟು ಕಂತುಗಳನ್ನು ಒಂದೊಂದಾಗಿಯೇ ಮರೆಮಾಡಬೇಕು, ಪ್ರಶ್ನೆ ಬಂದಾಗಲೆಲ್ಲ ಅದನ್ನು ಹಾಗೇ ಬಿಡಬೇಕು. ನೀವು ನಿಲ್ಲಿಸಿದ್ದು ನಾಲ್ಕನೇ ಕಂತಿಗೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ನೋಡುವಾಗ ಟಿವಿ ತಾನಾಗಿ ಎಲ್ಲಿಂದ ಶುರುಮಾಡುತ್ತದೋ ಅದನ್ನು ನಂಬದೆ, ಕಂತುಗಳ ಪಟ್ಟಿಗೆ ಹೋಗಿ ಐದನೆಯದನ್ನೇ ಆರಿಸುವುದು ಸುರಕ್ಷಿತ.

ಅಲ್ಲಿಗೆ 41ರಲ್ಲಿ ನೆಂಟರ 38 ಸಾಲುಗಳು 13 ಕೆಲಸದಲ್ಲಿ ಮುಗಿದವು. ಹತ್ತು ನಿಮಿಷದ ಕೆಲಸ.

ಕೆಳಗೆ Hide all ಎಂದಿದೆ. ಅದನ್ನೇ ಒತ್ತಬಾರದೇ?

ಒತ್ತುವ ಮೊದಲು ಅದು ಏನು ಮಾಡುತ್ತದೆ ಎಂದು ತಿಳಿದಿರಲಿ. ನೆಂಟರದ್ದು ಮಾತ್ರವಲ್ಲ, ಆ ಪ್ರೊಫೈಲು ಹುಟ್ಟಿದಾಗಿನಿಂದ ನೋಡಿದ್ದೆಲ್ಲವೂ ಮರೆಯಾಗುತ್ತದೆ. ಅರ್ಧಕ್ಕೆ ಬಿಟ್ಟವುಗಳ ಗುರುತೂ ಹೋಗುತ್ತದೆ. ಮರೆಮಾಡಿದ್ದನ್ನು ಮರಳಿ ತರುವ ಬಟನ್ ಇಲ್ಲ. ಅದೇ ಸಿನಿಮಾವನ್ನು ಮತ್ತೆ ನೋಡಿದರೆ ಮಾತ್ರ ಪಟ್ಟಿಗೆ ಬರುತ್ತದೆ. ಅವಸರದಲ್ಲಿ ಇದನ್ನು ಒತ್ತಿ ಕೈ ಸುಟ್ಟುಕೊಂಡವರು ಕಡಿಮೆಯಿಲ್ಲ. ಬೇಕೆಂದೇ ಹೊಸದಾಗಿ ಶುರುಮಾಡುವವರಿಗೆ ಮಾತ್ರ ಇದು ಸರಿ.

ಯಾವುದೇ ದೊಡ್ಡ ಬದಲಾವಣೆಗೆ ಮುಂಚೆ ಅದೇ ಪುಟದ Download all ಒತ್ತಿ. ಶೀರ್ಷಿಕೆ ಮತ್ತು ದಿನಾಂಕಗಳ ಒಂದು ಫೈಲು ಇಳಿಯುತ್ತದೆ, ಎಕ್ಸೆಲ್‌ನಲ್ಲಿ ತೆರೆಯಬಹುದು. ಅದನ್ನು ನೆಟ್‌ಫ್ಲಿಕ್ಸ್‌ಗೆ ವಾಪಸ್ ಹಾಕಲು ಆಗುವುದಿಲ್ಲ. ಆದರೆ ಯಾವ ಧಾರಾವಾಹಿ ಎಲ್ಲಿಗೆ ಬಂದಿತ್ತು ಎಂಬ ನೆನಪಾದರೂ ಉಳಿಯುತ್ತದೆ.

ದಿನಾಂಕ ನೋಡಿದರೆ ನೆಂಟರು ಇಲ್ಲದ ತಿಂಗಳು ತೋರಿಸುತ್ತಿದೆ. ಯಾಕೆ?

ಬಹುಶಃ ದಿನ ಮತ್ತು ತಿಂಗಳು ಅದಲುಬದಲಾಗಿ ಓದುತ್ತಿದ್ದೀರಿ. ಪುಟದ ಭಾಷೆ ಮತ್ತು ಪ್ರದೇಶಕ್ಕೆ ತಕ್ಕಂತೆ 5/11 ಎಂಬುದು ನವೆಂಬರ್ 5 ಆಗಬಹುದು, ಮೇ 11 ಕೂಡ ಆಗಬಹುದು. 12ಕ್ಕಿಂತ ದೊಡ್ಡ ಅಂಕಿ ಇರುವ ಒಂದು ಸಾಲು ಹುಡುಕಿ. ಆ ಅಂಕಿ ಇರುವ ಜಾಗವೇ ದಿನದ್ದು.

ನೆಂಟರಿದ್ದ ದಿನಗಳಲ್ಲೇ ನಾವೂ ಮೊಬೈಲಿನಲ್ಲಿ ನೋಡಿದ್ದೇವೆ. ಯಾವುದು ಯಾರದ್ದು ಎಂದು ಹೇಗೆ ಗೊತ್ತಾಗಬೇಕು?

ಸಾಮಾನ್ಯ ಪಟ್ಟಿಯಲ್ಲಿ ಗಂಟೆಯೂ ಇಲ್ಲ, ಸಾಧನದ ಹೆಸರೂ ಇಲ್ಲ. ಅದು ಬೇಕೆಂದರೆ ನಿಮ್ಮ ಮಾಹಿತಿಯ ಪೂರ್ತಿ ಪ್ರತಿಯನ್ನು ಕೇಳಿ ಪಡೆಯಬೇಕು:

```
netflix.com/account/getmyinfo
```

ತಯಾರಾಗಲು 30 ದಿನದವರೆಗೆ ಹಿಡಿಯಬಹುದು ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಬಂದ ಕಟ್ಟಿನೊಳಗೆ ViewingActivity.csv ಎಂಬ ಫೈಲಿನಲ್ಲಿ ಪ್ರೊಫೈಲು, ಶುರುವಾದ ಹೊತ್ತು, ಎಷ್ಟು ಹೊತ್ತು ಓಡಿತು, ಯಾವ ಬಗೆಯ ಸಾಧನ ಎಲ್ಲವೂ ಇರುತ್ತದೆ. ಹೊತ್ತು ಯುಟಿಸಿ ಲೆಕ್ಕದಲ್ಲಿರುವುದರಿಂದ ಐದೂವರೆ ಗಂಟೆ ಕೂಡಿಸಬೇಕು. ಫೈಲಿನಲ್ಲಿ 15:10 ಎಂದಿದ್ದರೆ ನಮ್ಮಲ್ಲಿ ರಾತ್ರಿ 8:40.

ಮನೆಯ ಟಿವಿಗೆ ಇಷ್ಟೆಲ್ಲ ಮಾಡಬೇಕೇ ಎಂದರೆ, ಹೆಚ್ಚಾಗಿ ಬೇಡ. ಅನುಮಾನ ಬಂದದ್ದನ್ನು ಬಿಟ್ಟುಬಿಡಿ. ಒಂದೆರಡು ಸಾಲು ಉಳಿದರೆ ಶಿಫಾರಸು ಕೆಡುವುದಿಲ್ಲ, ಕೆಡಿಸುವುದು ರಾಶಿ.

ಎಲ್ಲ ಮರೆಮಾಡಿದ್ದೇವೆ, ಟಿವಿಯಲ್ಲಿ ಇನ್ನೂ ಅದೇ ಕಾರ್ಟೂನು.

ಬದಲಾವಣೆ ಎಲ್ಲ ಸಾಧನಗಳಿಗೆ ತಲುಪಲು 24 ಗಂಟೆ ಬೇಕಾಗಬಹುದು. ಮರುದಿನವೂ ಹಾಗೇ ಇದ್ದರೆ ಟಿವಿಯನ್ನು ನಿಜವಾಗಿ ಆರಿಸಿ. ರಿಮೋಟಿನಿಂದ ಆರಿಸಿದ ಟಿವಿ ಹೆಚ್ಚಾಗಿ ಅರೆನಿದ್ದೆಯಲ್ಲಿರುತ್ತದೆ, ಆ್ಯಪ್ ಹಳೆಯ ಪುಟವನ್ನೇ ಹಿಡಿದುಕೊಂಡಿರಬಹುದು. ಗೋಡೆಯ ಸ್ವಿಚ್ ಆರಿಸಿ ಒಂದು ನಿಮಿಷ ಬಿಟ್ಟು ಹಾಕಿ. ಮಳೆಗಾಲದಲ್ಲಿ ಕರೆಂಟೇ ಈ ಸೇವೆ ಮಾಡಿಕೊಡುತ್ತದೆ, ಆದರೆ ಟಿವಿ ಇನ್ವರ್ಟರ್ ಲೈನಿನಲ್ಲಿದ್ದರೆ ಅದೂ ಆಗುವುದಿಲ್ಲ.

ಆಮೇಲೂ ಹೋಗದಿದ್ದರೆ ಮೂರು ಕಡೆ ನೋಡಿ. ನೆಂಟರು ಅದನ್ನು My Listಗೆ ಸೇರಿಸಿರಬಹುದು, ಅಲ್ಲಿಂದ ತೆಗೆಯಿರಿ. ಮಕ್ಕಳು ಹೆಬ್ಬೆರಳು ಮೇಲೆತ್ತಿದ ಗುರುತು ಒತ್ತಿರಬಹುದು. ನೋಡಿದ್ದನ್ನು ಮರೆಮಾಡಿದರೂ ಆ ಮೆಚ್ಚುಗೆ ಬೇರೆಯಾಗಿ ಉಳಿಯುತ್ತದೆ. Viewing activity ಪುಟದಲ್ಲೇ ಮೇಲ್ಗಡೆ Rating ಎಂಬ ಇನ್ನೊಂದು ಪಟ್ಟಿ ಇದೆ, ಅಲ್ಲಿ ಅದನ್ನು ಅಳಿಸಬಹುದು. ಮೂರನೆಯದು ತೀರಾ ಸಾಮಾನ್ಯ: ಮರೆಮಾಡಿದ ಮೇಲೆ ಮನೆಯ ಯಾರಾದರೂ, ಹೋಯಿತೇ ನೋಡೋಣ ಎಂದು ಅದನ್ನೇ ಒತ್ತಿ ಎರಡು ನಿಮಿಷ ಓಡಿಸಿರುತ್ತಾರೆ. ಓಡಿಸಿದರೆ ಅದು ಮತ್ತೆ ನೋಡಿದ ಲೆಕ್ಕಕ್ಕೆ ಬರುತ್ತದೆ.

ಈಗ ಎಲ್ಲವೂ ಹಿಂದಿ ದನಿಯಲ್ಲಿ ಶುರುವಾಗುತ್ತದೆ, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತದೆ. ಇದೂ ಅದರಿಂದಲೇ?

ಇದು ಬೇರೆ ವಿಷಯ, ಪಟ್ಟಿ ಅಳಿಸಿದರೆ ಸರಿಹೋಗುವುದಿಲ್ಲ. ನೆಂಟರು ಸಿನಿಮಾ ನೋಡುವಾಗ ಧ್ವನಿ ಮತ್ತು ಸಬ್‌ಟೈಟಲ್ ಬದಲಿಸಿದ್ದನ್ನು ಪ್ರೊಫೈಲು ನೆನಪಿಟ್ಟುಕೊಂಡಿದೆ. ಯಾವುದಾದರೂ ಒಂದನ್ನು ಓಡಿಸಿ, ಅಲ್ಲಿಯೇ ಧ್ವನಿಯನ್ನು ನಿಮಗೆ ಬೇಕಾದ್ದಕ್ಕೆ ಬದಲಿಸಿ ಸಬ್‌ಟೈಟಲನ್ನು ನಿಲ್ಲಿಸಿ. ಮೆನುಗಳೇ ಬೇರೆ ಭಾಷೆಗೆ ತಿರುಗಿದ್ದರೆ ಮಾತ್ರ ಬ್ರೌಸರಿನಲ್ಲಿ ಆ ಪ್ರೊಫೈಲಿನ ಭಾಷೆಯ ಆಯ್ಕೆಗೆ ಹೋಗಬೇಕು.

ನೆಂಟರ ಮಕ್ಕಳು ನೋಡಿದ್ದು ನಮ್ಮ ಮಗುವಿನ Kids ಪ್ರೊಫೈಲಿನಲ್ಲಿ. ಅಲ್ಲಿ ವೃತ್ತವೇ ಇಲ್ಲ.

Kids ಪ್ರೊಫೈಲಿನಲ್ಲಿ ನೋಡಿದ್ದನ್ನು ಮರೆಮಾಡಲು ಬರುವುದಿಲ್ಲ. ಅಲ್ಲಿ ಹೊಸ ಪ್ರೊಫೈಲೇ ದಾರಿ. ಮಗುವಿಗೆ ಬೇಕಾದ ಐದಾರು ಕಾರ್ಯಕ್ರಮಗಳ ಹೆಸರು ಬರೆದಿಟ್ಟುಕೊಂಡು ಹಳೆಯದನ್ನು ಅಳಿಸಿ, ಅದೇ ಹೆಸರಿನಲ್ಲಿ ಇನ್ನೊಂದು ತೆರೆಯಿರಿ. ವಯಸ್ಸಿನ ಮಿತಿಯನ್ನು ಮತ್ತೆ ಹೊಂದಿಸಲು ಮರೆಯಬೇಡಿ, ಅದು ಹಳೆಯದರಿಂದ ತಾನಾಗಿ ಬರುವುದಿಲ್ಲ.

ದೊಡ್ಡವರಿಗೂ ಹೊಸ ಪ್ರೊಫೈಲು ಸರಿಯಾಗುವ ಸಂದರ್ಭವಿದೆ. ಹಲವು ಸಲ ಹಲವು ನೆಂಟರು ಬಂದುಹೋಗಿ, ಪಟ್ಟಿಯಲ್ಲಿ ನಿಮ್ಮದು ಯಾವುದೆಂದು ನಿಮಗೇ ಗುರುತು ಸಿಗದಿದ್ದಾಗ. ಹೊಸದನ್ನು ತೆರೆದಾಗ ಇಷ್ಟವಾದ ಕೆಲವನ್ನು ಆರಿಸಲು ಕೇಳುತ್ತದೆ. ಅದು ಆರಂಭಕ್ಕೆ ಮಾತ್ರ, ನೀವು ನೋಡಲು ಶುರುಮಾಡಿದ ಮೇಲೆ ನೋಡಿದ್ದೇ ಮುಖ್ಯವಾಗುತ್ತದೆ. ಒಂದು ಖಾತೆಯಲ್ಲಿ ಐದು ಪ್ರೊಫೈಲು ಮಾತ್ರ. ಖಾತೆ ತೆರೆದಾಗ ಹುಟ್ಟಿದ ಮುಖ್ಯ ಪ್ರೊಫೈಲನ್ನು ಅಳಿಸಲು ಆಗುವುದಿಲ್ಲ. ಕೆಟ್ಟಿರುವುದು ಅದೇ ಆದರೆ, ಅದನ್ನೇ ನೆಂಟರಿಗೆ ಬಿಟ್ಟುಕೊಟ್ಟು ನೀವು ಹೊಸದಕ್ಕೆ ಹೋಗುವುದು ಜಾಣತನ. ಪ್ರೊಫೈಲನ್ನು ಬೇರೆ ಖಾತೆಗೆ ಸಾಗಿಸುವ ಸೌಲಭ್ಯ 2022ರಲ್ಲಿ ಬಂತು, ಆದರೆ ಅದರಿಂದ ಇಲ್ಲಿ ಪ್ರಯೋಜನವಿಲ್ಲ. ನೋಡಿದ್ದರ ಪಟ್ಟಿಯೂ ಶಿಫಾರಸೂ ಜೊತೆಗೇ ಸಾಗುತ್ತವೆ.

ಯೂಟ್ಯೂಬಿನಲ್ಲಿ ಯಕ್ಷಗಾನ, ತಾಳಮದ್ದಳೆ, ಅಡಿಕೆ ಧಾರಣೆ ಬರುತ್ತಿತ್ತು. ಈಗ ಬರೀ ವಿಡಿಯೋ ಗೇಮು.

ಇಲ್ಲಿ ಕೆಲಸ ಇನ್ನೂ ಸುಲಭ, ಏಕೆಂದರೆ ದಿನಾಂಕ ಕೊಟ್ಟು ಒಟ್ಟಿಗೆ ಅಳಿಸಬಹುದು. ಟಿವಿಯ ಸೆಟ್ಟಿಂಗ್ಸ್‌ನಲ್ಲಿರುವ Clear watch history ಮುಟ್ಟಬೇಡಿ, ಅದು ಎಲ್ಲವನ್ನೂ ಗುಡಿಸಿಬಿಡುತ್ತದೆ. ಮೊಬೈಲಿನ ಬ್ರೌಸರಿನಲ್ಲಿ, ಟಿವಿಯಲ್ಲಿರುವ ಅದೇ ಗೂಗಲ್ ಖಾತೆಯಿಂದ ಇದನ್ನು ತೆರೆಯಿರಿ:

```
myactivity.google.com/product/youtube
```

Delete ಒತ್ತಿ Delete custom range ಆರಿಸಿ. ನೆಂಟರು ಬಂದ ದಿನ ಮತ್ತು ಹೊರಟ ದಿನ ಕೊಡಿ. ಅಷ್ಟು ದಿನದಲ್ಲಿ ನೋಡಿದ್ದು, ಹುಡುಕಿದ್ದು ಎರಡೂ ಹೋಗುತ್ತವೆ. ಹುಡುಕಿದ್ದನ್ನೂ ಅಳಿಸುವುದು ಮುಖ್ಯ, ಶಿಫಾರಸಿಗೆ ಅದೂ ಆಧಾರ. ಆ ದಿನಗಳಲ್ಲಿ ನೀವು ಮೊಬೈಲಿನಲ್ಲಿ ನೋಡಿದ ಯಕ್ಷಗಾನವೂ ಇದರಲ್ಲಿ ಹೋಗುತ್ತದೆ. ಅದು ನಷ್ಟವೇನಲ್ಲ, ಹಿಂದಿನ ವರ್ಷಗಳದ್ದು ಉಳಿದಿದೆಯಲ್ಲ.

ಇದರಿಂದ ಹೋಗದೆ ಉಳಿಯುವುದು ಲೈಕು ಮತ್ತು ಸಬ್‌ಸ್ಕ್ರೈಬ್. ಚಾನೆಲ್ಲುಗಳ ಪಟ್ಟಿ ತೆರೆದು ಮಕ್ಕಳು ಸೇರಿಸಿದ್ದನ್ನು ಕೈಯಾರೆ ತೆಗೆಯಬೇಕು. ಆಮೇಲೂ ಒಂದೇ ಚಾನೆಲ್ಲು ಕಾಟ ಕೊಟ್ಟರೆ, ಮುಖಪುಟದಲ್ಲಿ ಅದರ ಮೂರು ಚುಕ್ಕಿ ಒತ್ತಿ Don't recommend channel ಆರಿಸಿ.

ಮುಂದಿನ ಸಲ ಹೀಗಾಗದಂತೆ?

ನೆಟ್‌ಫ್ಲಿಕ್ಸ್‌ನಲ್ಲಿ ನೆಂಟರು ಎಂದೇ ಒಂದು ಪ್ರೊಫೈಲು ತೆರೆದಿಡಿ. ಹೆಸರಿಟ್ಟರೆ ಸಾಲದು, ರಿಮೋಟು ಕೈಗೆ ಸಿಕ್ಕವರು ಮೊದಲು ಕಂಡ ಮುಖವನ್ನೇ ಒತ್ತುತ್ತಾರೆ. ನಿಮ್ಮ ಪ್ರೊಫೈಲಿಗೆ Profile Lock ಹಾಕಿ, ನಾಲ್ಕಂಕಿಯ ಪಿನ್ ಕೇಳುತ್ತದೆ. ದೂರದಿಂದ ಬಂದವರಿಗೆ ಇದು ಬಿಗುಮಾನದಂತೆ ಕಂಡೀತು ಎಂದು ಸಂಕೋಚಪಡುವವರಿದ್ದಾರೆ. ಬಂದ ದಿನವೇ ನೆಂಟರ ಪ್ರೊಫೈಲು ತೆರೆದು, ಇಗೋ ಇದು ನಿಮ್ಮದು ಎಂದು ರಿಮೋಟು ಕೈಗಿಟ್ಟರೆ ಯಾರೂ ಪಿನ್ ವಿಷಯ ಎತ್ತುವುದಿಲ್ಲ.

ಆ ಪ್ರೊಫೈಲಿನ Playback settings ಒಳಗೆ ಮುಂದಿನ ಕಂತು ತಾನಾಗಿ ಓಡುವುದನ್ನು ನಿಲ್ಲಿಸಿಡಿ. ಮಕ್ಕಳು ನಿದ್ದೆಹೋದ ಮೇಲೂ ಟಿವಿ ಓಡಿ ಡೇಟಾ ಸುಡುವುದು ತಪ್ಪುತ್ತದೆ. ಯೂಟ್ಯೂಬಿಗಾದರೆ ನೆಂಟರು ಇರುವಷ್ಟು ದಿನ ಟಿವಿಯ ಸೆಟ್ಟಿಂಗ್ಸ್‌ನಲ್ಲಿ Pause watch history ಹಾಕಿಡಬಹುದು. ಅವರು ಹೋದ ದಿನ ತೆಗೆಯಲು ನೆನಪಿರಬೇಕು, ಇಲ್ಲದಿದ್ದರೆ ನೀವು ನೋಡಿದ್ದೂ ದಾಖಲಾಗುವುದಿಲ್ಲ.

ನಮ್ಮದು ಹೋಂಸ್ಟೇ. ಅತಿಥಿಗಳ ಕೋಣೆಯ ಟಿವಿಗೂ ಇದೇ ಕ್ರಮವೇ?

ಅಲ್ಲ. ನೆಟ್‌ಫ್ಲಿಕ್ಸ್ ಖಾತೆ ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ, ಮನೆಯವರ ಹೊರಗೆ ಹಂಚುವಂತಿಲ್ಲ ಎಂದು ಅದರ ಷರತ್ತಿನಲ್ಲೇ ಇದೆ. ದುಡ್ಡು ಕೊಟ್ಟು ಉಳಿಯುವವರಿಗೆ ನಿಮ್ಮ ಖಾತೆ ತೆರೆದಿಡಬೇಡಿ, ಅವರವರ ಖಾತೆಯಿಂದಲೇ ಲಾಗಿನ್ ಆಗಲಿ. ಆಗ ನಿಮ್ಮ ಕೆಲಸ ತಿರುಗುಮುರುಗು: ಅವರು ಕೀಲಿ ಕೊಟ್ಟು ಹೊರಟ ಮೇಲೆ ಟಿವಿಯ ನೆಟ್‌ಫ್ಲಿಕ್ಸ್‌ನಲ್ಲಿ Get Help ಒಳಗಿನ Sign out ಒತ್ತಿ, ಯೂಟ್ಯೂಬಿನಿಂದಲೂ ಅವರ ಖಾತೆ ತೆಗೆಯಿರಿ. ಮರೆತರೆ ಮುಂದಿನ ಅತಿಥಿ ನೋಡಿದ್ದೆಲ್ಲ ಹಿಂದಿನವರ ಪಟ್ಟಿಗೆ ಸೇರುತ್ತದೆ. ಊರಿಗೆ ಮರಳಿದವರಿಗೆ ನೆನಪಾಗಿ ಫೋನ್ ಮಾಡಿದರೆ, Account ಪುಟದ Manage access and devices ಒಳಗೆ ಆ ಟಿವಿಯನ್ನು ಹುಡುಕಿ ಅಲ್ಲಿಂದಲೇ ಹೊರಹಾಕಬಹುದು ಎಂದು ತಿಳಿಸಿ.